ಈರುಳ್ಳಿ ಬಿಟ್ಟರೂ ಹೊಟ್ಟೆಯುಬ್ಬರ ಬಿಡಲಿಲ್ಲ

ಶಾಲಿನಿ ಅಂತ ಕರೆಯೋಣ. ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಮೂವತ್ತು ದಾಟಿದ ಶಾಲಾ ಶಿಕ್ಷಕಿ. ಎರಡು ವರ್ಷದಿಂದ ಹೊಟ್ಟೆಯುಬ್ಬರ, ಹಿಂಡುವ ನೋವು, ಒಂದು ದಿನ ಭೇದಿ, ಮೂರು ದಿನ ಏನೂ ಇಲ್ಲ. ವೈದ್ಯರು ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆಯನ್ನೂ ಸೇರಿಸಿ ಬೇಕಾದದ್ದನ್ನೆಲ್ಲ ಮಾಡಿಸಿ, ಐಬಿಎಸ್, ಅಂದರೆ ಕರುಳು ಸುಲಭವಾಗಿ ಕೆರಳುವ ತೊಂದರೆ, ಎಂದು ಹೇಳಿದ್ದರು. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು ನೋಡಿ, ನಾರಿನ ಅಂಶ ಜಾಸ್ತಿ ಮಾಡಿ ಎಂದೂ ಹೇಳಿದ್ದರು.

ಮೂರು ವಾರ ಬಿಟ್ಟರು. ಏನೂ ಬದಲಾಗಲಿಲ್ಲ. ಆಹಾರ ಸಲಹೆಗೆಂದು ನನ್ನ ಹತ್ತಿರ ಬಂದಾಗ ಜೊತೆಗಿದ್ದ ಅತ್ತೆಗೆ ಅದೇ ಬೇಜಾರು. "ಸಾರಿಗೆ ಒಂದು ಚೂರೂ ಈರುಳ್ಳಿ ಹಾಕಿಲ್ಲ ಮೇಡಂ. ಆದರೂ ಮಧ್ಯಾಹ್ನ ಊಟ ಆದಮೇಲೇ ನೋವು ಅಂತಾಳೆ. ನಾನೇ ಏನೋ ತಪ್ಪು ಮಾಡ್ತಿದ್ದೀನೇನೋ ಅನಿಸಿಬಿಟ್ಟಿದೆ."

ಮೂರು ದಿನ ಏನು ತಿಂದರು, ಎಷ್ಟು ಗಂಟೆಗೆ ನೋವು ಬಂತು ಎಂದು ಬರೆದಿಡಲು ಹೇಳಿದೆ. ಮುಂದಿನ ಸಲ ಬರುವಾಗ ಮನೆಯಲ್ಲಿರುವ ಪ್ಯಾಕೆಟ್‌ಗಳನ್ನೆಲ್ಲ ಚೀಲಕ್ಕೆ ಹಾಕಿ ತನ್ನಿ ಎಂದೂ ಹೇಳಿದೆ, ಖಾಲಿಯಾದವನ್ನೂ ಸೇರಿಸಿ.

ಬರೆದದ್ದರಲ್ಲಿ ದಿನಚರಿ ಒಂದೇ ಥರ ಇತ್ತು. ಬೆಳಿಗ್ಗೆ ಎಂಟಕ್ಕೆ ಮಸಾಲಾ ಓಟ್ಸ್. ಹನ್ನೊಂದಕ್ಕೆ ಸ್ಟಾಫ್ ರೂಮಿನಲ್ಲಿ ನಾರಿನ ಬಿಸ್ಕತ್ತು ಐದು. ಒಂದು ಗಂಟೆಗೆ ಅನ್ನ, ಸಾರು, ಮಜ್ಜಿಗೆ. ಮೂರರಿಂದ ನೋವು. ಅನುಮಾನ ಸಾರಿನ ಮೇಲೆ ಹೋಗುವುದು ಸಹಜ. ಆದರೆ ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಫ್ರುಕ್ಟಾನ್ ಅನ್ನುವ ಸಕ್ಕರೆಸರಪಳಿಯನ್ನು ಒಡೆಯುವ ಕಿಣ್ವ ಯಾರ ಸಣ್ಣಕರುಳಲ್ಲೂ ಇಲ್ಲ. ಅದು ಹಾಗೇ ದೊಡ್ಡಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗಾಳಿ ಮಾಡುತ್ತವೆ. ಅಷ್ಟಾಗಲು ಕೆಲವು ಗಂಟೆ ಬೇಕು. ಎಲ್ಲರಿಗೂ ಹೀಗೇ ಆಗುತ್ತದೆ, ಐಬಿಎಸ್ ಇರುವವರ ಕರುಳು ಆ ಗಾಳಿಯ ಒತ್ತಡವನ್ನು ನೋವಾಗಿ ಅನುಭವಿಸುತ್ತದೆ. ಹಾಗಾಗಿ ಮೂರು ಗಂಟೆಯ ನೋವಿಗೆ ಕಾರಣ ಹುಡುಕಬೇಕಾದದ್ದು ಬೆಳಗಿನ ತಿಂಡಿಯಲ್ಲಿ. ಇದನ್ನು ಹೇಳಿದಾಗ ಅತ್ತೆಯ ಮುಖ ಸಡಿಲಾಯಿತು.

ಚೀಲ ಸುರಿದೆವು. ಮೊದಲು ಓಟ್ಸ್ ಪ್ಯಾಕೆಟ್. ಮುಂದೆ ಕ್ಯಾರೆಟ್, ಬೀನ್ಸ್ ಚಿತ್ರ. ಕೊನೆಯಲ್ಲಿ ದಪ್ಪಕ್ಷರದಲ್ಲಿ ಅಲರ್ಜಿಯ ಸೂಚನೆ. ಶಾಲಿನಿ ಅದನ್ನಷ್ಟೇ ಓದಿದ್ದರು. ನಮ್ಮ ದೇಶದಲ್ಲಿ ಅಲ್ಲಿ ಬರುವುದು ಗ್ಲುಟನ್ ಇರುವ ಧಾನ್ಯ, ಹಾಲು, ಸೋಯಾ, ಕಡಲೆಕಾಯಿ, ಮೊಟ್ಟೆ, ಮೀನು ಇಂಥವು ಮಾತ್ರ. ಈರುಳ್ಳಿ, ಬೆಳ್ಳುಳ್ಳಿ, ನಾರಿಗೆಂದು ಸೇರಿಸುವ ಇನುಲಿನ್ ಎಂಬ ಪುಡಿ ಆ ಪಟ್ಟಿಯಲ್ಲಿಲ್ಲ, ಆ ಸಾಲು ನಮಗೆ ಏನೂ ಹೇಳುವುದಿಲ್ಲ. ಓದಬೇಕಾದದ್ದು ಇಂಗ್ರೀಡಿಯೆಂಟ್ಸ್ ಅಂತ ಇರುವ ಪುಟ್ಟ ಅಕ್ಷರದ ಪಟ್ಟಿಯನ್ನು. ತೂಕ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ.

ಅವರ ಪ್ಯಾಕೆಟ್ಟಿನಲ್ಲಿ ಓಟ್ಸ್ ಆದಮೇಲೆ ಮಸಾಲೆ ಮಿಶ್ರಣ ಅಂತಿತ್ತು, ಅದರ ಆವರಣದೊಳಗೆ ಮೊದಲ ಹೆಸರೇ ಆನಿಯನ್ ಪೌಡರ್, ಮೂರನೆಯದು ಗಾರ್ಲಿಕ್ ಪೌಡರ್. "ಪುಡಿ ತಾನೇ, ಎಷ್ಟಿರುತ್ತೆ?" ಅಂದರು. ಹಸಿ ಈರುಳ್ಳಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ನೀರು. ಒಣಗಿಸಿದಾಗ ನೀರು ಹೋಗುತ್ತದೆ, ಫ್ರುಕ್ಟಾನ್ ಉಳಿಯುತ್ತದೆ. ಒಂದು ಗ್ರಾಂ ಪುಡಿ ಅಂದರೆ ಎಂಟು ಹತ್ತು ಗ್ರಾಂ ಹಸಿ ಈರುಳ್ಳಿ ಅಂತ ಲೆಕ್ಕ. ಉಪ್ಪಿನ ನಂತರ ಬರುವುದೆಲ್ಲ ಕಡಿಮೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮಸಾಲೆ ಪೊಟ್ಟಣಕ್ಕೆ ಆ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಉಪ್ಪೇ ಸಿಕ್ಕಾಪಟ್ಟೆ ಇರುತ್ತದೆ.

ಬಿಸ್ಕತ್ತಿನ ಪೊಟ್ಟಣದಲ್ಲಿ ಈರುಳ್ಳಿ ಇರಲಿಲ್ಲ. ಆದರೆ ಗೋಧಿಹಿಟ್ಟು, ಎಣ್ಣೆ ಆದಮೇಲೆ ನಾಲ್ಕನೆಯ ಹೆಸರು ಇನುಲಿನ್. ಅದರ ಮೇಲೆ ಬೆರಳಿಟ್ಟು ಶಾಲಿನಿ ಕೇಳಿದರು, "ಇದು ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್ ಅಲ್ವಾ?" ಅಲ್ಲ. ಇನುಲಿನ್ ಕೂಡ ಫ್ರುಕ್ಟಾನೇ. ಚಿಕೋರಿ ಬೇರಿನಿಂದ ತೆಗೆದು ಒಣಗಿಸಿದ ಬಿಳಿ ಪುಡಿ, ತುಸು ಸಿಹಿ, ನಾರಿನ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೇ ನಾರಿನ ಬಿಸ್ಕತ್ತು, ಪ್ರೋಟೀನ್ ಬಾರ್, ಸಕ್ಕರೆ ಇಲ್ಲದ ಸಿಹಿತಿಂಡಿ, ಕರುಳಿಗೆ ಒಳ್ಳೆಯದು ಎಂದು ಮಾರುವ ಪುಡಿಗಳಿಗೆ ಹಾಕುತ್ತಾರೆ. ಹೆಸರು ಬದಲಿಸಿಕೊಂಡೂ ಬರುತ್ತದೆ: ಚಿಕೋರಿ ರೂಟ್ ಫೈಬರ್, ಆಲಿಗೋಫ್ರುಕ್ಟೋಸ್, ಫ್ರುಕ್ಟೋ ಆಲಿಗೋಸ್ಯಾಕರೈಡ್, ಎಫ್‌ಒಎಸ್. ಬರೀ ಪ್ರಿಬಯಾಟಿಕ್ ಫೈಬರ್ ಅಂತ ಇದ್ದರೂ ಇದೇ ಇರಬಹುದು.

ಲೆಕ್ಕ ಹಾಕಿದೆವು. ಪೊಟ್ಟಣದಲ್ಲಿ 100 ಗ್ರಾಂಗೆ 12 ಗ್ರಾಂ ನಾರು ಎಂದಿತ್ತು. ಐದು ಬಿಸ್ಕತ್ತು ಸುಮಾರು 45 ಗ್ರಾಂ, ನಾರು 5 ಗ್ರಾಂ ಮೇಲೆ. ಅದರಲ್ಲಿ ಮೂರನೇ ಒಂದು ಪಾಲು ಇನುಲಿನ್ ಎಂದು ಹಿಡಿದರೂ ಒಂದೂವರೆ ಗ್ರಾಂ ದಾಟುತ್ತದೆ. ಫ್ರುಕ್ಟಾನ್‌ನಂಥ ಸಕ್ಕರೆಗಳನ್ನು ಕಡಿಮೆ ಮಾಡುವ ಲೋ ಫಾಡ್‌ಮ್ಯಾಪ್ ಆಹಾರಕ್ರಮವನ್ನು ರೂಪಿಸಿದ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಧಾನ್ಯದ ತಿನಿಸಿನಲ್ಲಿ ಇಂಥ ಸಕ್ಕರೆಸರಪಳಿ ಒಂದು ಹೊತ್ತಿಗೆ 0.3 ಗ್ರಾಂ ಒಳಗಿದ್ದರೆ ಕಡಿಮೆ ಎನ್ನುತ್ತಾರೆ. ವೈದ್ಯರು ನಾರು ತಿನ್ನಿ ಅಂದದ್ದು ತಪ್ಪಲ್ಲ, ಅಂಗಡಿಯಲ್ಲಿ ಸಿಕ್ಕ ನಾರು ತಪ್ಪಿತ್ತು.

ಚೀಲದಲ್ಲಿದ್ದ ಜೈನ್ ಮಿಕ್ಸ್ಚರ್‌ನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರಲಿಲ್ಲ. ಒಂದು ಹಿಡಿ ತಿನ್ನಬಹುದು, ಹಿಂಬದಿ ಓದಿಕೊಂಡು. ಜೈನ್ ಎಂಬ ಮಾತು ಇನುಲಿನ್ ಬಗ್ಗೆ ಏನೂ ಹೇಳುವುದಿಲ್ಲ. ಇಂಗಿನ ಡಬ್ಬಿಯಲ್ಲಿ ಮೈದಾ ಬೆರೆತಿದ್ದುದನ್ನು ನೋಡಿ ಅತ್ತೆ ಗಾಬರಿಯಾದರು. ಒಗ್ಗರಣೆಗೆ ಹಾಕುವ ಚಿಟಿಕೆಯಲ್ಲಿ ಅದು ಲೆಕ್ಕಕ್ಕೇ ಬಾರದು, ಚಿಂತೆಯಿಲ್ಲದೆ ಹಾಕಿ ಎಂದೆ.

ಕಷ್ಟವಾದದ್ದು ಒಂದು ಸೂಪ್ ಪೊಟ್ಟಣ. ಮಸಾಲೆ ಪದಾರ್ಥಗಳು ಅಂತಷ್ಟೇ ಬರೆದಿತ್ತು. ಮಿಶ್ರಣವೊಂದು ಒಟ್ಟು ತೂಕದ ಶೇ. 5ಕ್ಕಿಂತ ಕಡಿಮೆ ಇದ್ದರೆ ಅದರೊಳಗೇನಿದೆ ಎಂದು ಬಿಡಿಸಿ ಬರೆಯಲೇಬೇಕೆಂದಿಲ್ಲ. ಖಾರದ ತಿನಿಸಿನಲ್ಲಿ ಹೀಗಿದ್ದರೆ ಈರುಳ್ಳಿ ಇದೆ ಅಂದುಕೊಂಡೇ ಪಕ್ಕಕ್ಕಿಡಿ, ಇಲ್ಲವೇ ಪೊಟ್ಟಣದ ಮೇಲಿನ ಗ್ರಾಹಕರ ನಂಬರಿಗೆ ಫೋನ್ ಮಾಡಿ "ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ ಇದೆಯಾ?" ಎಂದು ನೇರವಾಗಿ ಕೇಳಿ ಎಂದೆ.

ನಾಲ್ಕು ವಾರಕ್ಕೆ ಹೀಗೆ ಒಪ್ಪಿಕೊಂಡೆವು. ಬೆಳಿಗ್ಗೆ ಸಾದಾ ಓಟ್ಸ್, ಅರ್ಧ ಬಟ್ಟಲು, ಮನೆಯ ಒಗ್ಗರಣೆಯೊಂದಿಗೆ. ಬೆಳ್ಳುಳ್ಳಿ ಘಮ ಬೇಕಿದ್ದರೆ ಇಡೀ ಎಸಳನ್ನು ಎಣ್ಣೆಯಲ್ಲಿ ಕಾಯಿಸಿ, ನೀರು ಅಥವಾ ತರಕಾರಿ ಬೀಳುವ ಮೊದಲೇ ತೆಗೆದುಬಿಡುವುದು. ಫ್ರುಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹೊರಗೆ ಸಾಂಬಾರಿನಿಂದ ಈರುಳ್ಳಿ ಹೋಳು ಆರಿಸಿ ತಿಂದರೆ ಪ್ರಯೋಜನವಿಲ್ಲ, ಅದರದ್ದು ಆಗಲೇ ರಸಕ್ಕೆ ಇಳಿದಿರುತ್ತದೆ. ಹನ್ನೊಂದಕ್ಕೆ ಬಿಸ್ಕತ್ತಿನ ಬದಲು ಒಂದು ಕಿತ್ತಳೆ.

ಎರಡನೇ ವಾರ ಉಬ್ಬರ ಇಳಿಯಿತು. ನಾಲ್ಕನೇ ವಾರದ ನಂತರ ಒಂದೊಂದಾಗಿ ವಾಪಸ್ ತಂದೆವು. ಇದನ್ನು ಬಿಡಬಾರದು, ಯಾಕೆಂದರೆ ಫ್ರುಕ್ಟಾನ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಊಟ, ಶಾಶ್ವತವಾಗಿ ತೆಗೆದುಹಾಕುವಂಥದ್ದಲ್ಲ. ಬೆಳ್ಳುಳ್ಳಿ ಮೊದಲ ದಿನ ಕಾಲು ಎಸಳು, ಮರುದಿನ ಅರ್ಧ, ಮೂರನೇ ದಿನ ಒಂದು. ಒಂದು ಎಸಳಿಗೆ ನೋವು ಬಂತು, ಅರ್ಧಕ್ಕೆ ಬರಲಿಲ್ಲ. ಮಧ್ಯೆ ಮೂರು ದಿನ ಬಿಟ್ಟು ಈರುಳ್ಳಿ ನೋಡಿದೆವು. ಹೆಚ್ಚಿದ ಈರುಳ್ಳಿ ಒಂದು ಚಮಚ ಒಗ್ಗುತ್ತದೆ, ಎರಡು ಒಗ್ಗುವುದಿಲ್ಲ. ಬಿಸ್ಕತ್ತು ಒಂದಾದರೆ ಸರಿ, ಎರಡಕ್ಕೇ ಹೊಟ್ಟೆ ಬಿಗಿಯುತ್ತದೆ.

ಮಲದಲ್ಲಿ ರಕ್ತ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವು ಕಂಡರೆ ಪ್ಯಾಕೆಟ್ ಓದುತ್ತಾ ಕೂರಬೇಡಿ, ವೈದ್ಯರ ಹತ್ತಿರ ಬೇಗ ಹೋಗಿ ಎಂದು ಬರೆದುಕೊಟ್ಟೆ. ಆ ಚೀಟಿಯ ಹಿಂಬದಿಗೆ ಇನುಲಿನ್‌ನ ಎಲ್ಲ ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡರು ಅತ್ತೆ. ದಿನಸಿ ತರುವುದು ಅವರೇ.