ಅರ್ಧ ಈಥರ್‌ಗೆ ಶಾರ್ಟ್‌ನ ಆಸರೆ: ಫಂಡಿಂಗ್‌ಗಿಂತ ದೊಡ್ಡ ಲೆಕ್ಕಗಳು

ಪ್ರಶ್ನೆ: ನನ್ನಲ್ಲಿ 2 ಈಥರ್ ಇದೆ. ದಟ್ಟಗಳ್ಳಿಯ ನಿವೇಶನದ ಕಂತಿಗಾಗಿ ಅರ್ಧ ಈಥರ್ ಮಾರಬೇಕು. ಲಾಭದ ತೆರಿಗೆ ಮುಂದಿನ ಆರ್ಥಿಕ ವರ್ಷಕ್ಕೆ ಹೋಗಲೆಂದು ಇನ್ನೂ ಆರು ವಾರ ಕಾಯುತ್ತಿದ್ದೇನೆ. ಅಷ್ಟರಲ್ಲಿ ಬೆಲೆ ಬಿದ್ದರೆ ಎಂಬ ಭಯಕ್ಕೆ ಅರ್ಧ ಈಥರ್ ಪರ್ಪೆಚುವಲ್ ಶಾರ್ಟ್ ಮಾಡಿದರೆ ಸಾಕೇ? ಫಂಡಿಂಗ್‌ಗೆ ಎಷ್ಟು ಹೋಗುತ್ತದೆ? — ಓದುಗರೊಬ್ಬರು, ಮೈಸೂರು

ಉತ್ತರ: ಪರ್ಪೆಚುವಲ್ ಎಂದರೆ ಮುಗಿಯುವ ದಿನವಿಲ್ಲದ ಫ್ಯೂಚರ್ಸ್ ಒಪ್ಪಂದ. ಅದರಲ್ಲಿ ಶಾರ್ಟ್ ಹಿಡಿದವರಿಗೆ ಬೆಲೆ ಇಳಿದರೆ ಲಾಭ, ಲಾಂಗ್ ಹಿಡಿದವರಿಗೆ ಏರಿದರೆ ಲಾಭ. ಈ ಇಬ್ಬರ ನಡುವೆ ಆಗಾಗ ನಡೆಯುವ ಪಾವತಿಯೇ ಫಂಡಿಂಗ್. ಲೆಕ್ಕಕ್ಕೆ ಅನುಕೂಲವಾಗಲೆಂದು ಈಥರ್ ಬೆಲೆ ಡಾಲರ್‌ಗೆ ಕಟ್ಟಿದ ನಾಣ್ಯವಾದ ಯುಎಸ್‌ಡಿಟಿಯಲ್ಲಿ 3,000, ಒಂದು ಯುಎಸ್‌ಡಿಟಿಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ ಅರ್ಧ ಈಥರ್‌ನ ಮೌಲ್ಯ 1,500 ಯುಎಸ್‌ಡಿಟಿ, ಅಂದರೆ 1,35,000 ರೂಪಾಯಿ. ಫಂಡಿಂಗ್ ಲೆಕ್ಕ ಹಾಕುವುದು ಈ ಪೂರ್ಣ ಮೌಲ್ಯದ ಮೇಲೆಯೇ ಹೊರತು ನೀವು ಠೇವಣಿಯಾಗಿ ಕಟ್ಟಿದ ಮಾರ್ಜಿನ್ ಮೇಲಲ್ಲ. ಹೆಚ್ಚಿನ ಎಕ್ಸ್‌ಚೇಂಜ್‌ಗಳಲ್ಲಿ ಎಂಟು ಗಂಟೆಗೊಮ್ಮೆ, ನಮ್ಮ ಗಡಿಯಾರದಲ್ಲಿ ಬೆಳಗಿನ 5.30, ಮಧ್ಯಾಹ್ನ 1.30 ಮತ್ತು ರಾತ್ರಿ 9.30ಕ್ಕೆ, ಅದರ ಪಾವತಿ ನಡೆಯುತ್ತದೆ. ದರ ಧನಾತ್ಮಕವಾಗಿದ್ದರೆ ಲಾಂಗ್ ಹಿಡಿದವರು ಶಾರ್ಟ್ ಹಿಡಿದವರಿಗೆ ಕೊಡುತ್ತಾರೆ. ಋಣಾತ್ಮಕವಾದರೆ ಕೊಡಬೇಕಾದವರು ನೀವು. ಸಾಮಾನ್ಯವಾಗಿ ಕಾಣುವ 0.01 ಶೇಕಡಾ ದರವೇ 42 ದಿನವೂ ಉಳಿದರೆ ನಿಮಗೆ ಸುಮಾರು 19 ಯುಎಸ್‌ಡಿಟಿ ಬರುತ್ತದೆ. ಅದೇ ದರ ಋಣ 0.03 ಶೇಕಡಾಕ್ಕೆ ಇಳಿದು ಅಲ್ಲಿಯೇ ನಿಂತರೆ ಸುಮಾರು 57 ಯುಎಸ್‌ಡಿಟಿ, ಅಂದರೆ 5,100 ರೂಪಾಯಿ, ಕೈಬಿಡುತ್ತದೆ. ನಿಮ್ಮಂತೆಯೇ ಹಲವರು ಒಟ್ಟಿಗೆ ಸ್ಪಾಟ್, ಅಂದರೆ ನಿಜವಾದ ಈಥರ್, ಹಿಡಿದು ಶಾರ್ಟ್ ಮಾಡಿದಾಗ ಹೀಗಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ಜಾಲದ ದೊಡ್ಡ ಬದಲಾವಣೆಯಾದ ಮರ್ಜ್‌ಗೆ ಮುನ್ನ, ಕವಲೊಡೆಯುವ ಹೊಸ ನಾಣ್ಯ ಸಿಗಲೆಂದು ಈಥರ್ ಹಿಡಿದ ಹಲವರು ಪರ್ಪೆಚುವಲ್‌ನಲ್ಲಿ ಶಾರ್ಟ್ ಮಾಡಿದ್ದರಿಂದ ಫಂಡಿಂಗ್ ತೀವ್ರವಾಗಿ ಋಣಾತ್ಮಕವಾಗಿತ್ತು. ಆದ್ದರಿಂದ ಇಂದಿನ ದರವನ್ನಷ್ಟೇ ನೋಡದೆ, ಕಳೆದ ಒಂದು ತಿಂಗಳ ದರಗಳ ಪಟ್ಟಿಯನ್ನು ತೆರೆದು ನೋಡಿ.

ಮಾರ್ಜಿನ್ ಬಗ್ಗೆ ಇಷ್ಟು ಸಾಕು: 750 ಯುಎಸ್‌ಡಿಟಿ ಇಟ್ಟರೆ, ಖಾತೆಯಲ್ಲಿ ಉಳಿಯಲೇಬೇಕಾದ ನಿರ್ವಹಣಾ ಮಾರ್ಜಿನ್ 1 ಶೇಕಡಾ ಎಂದುಕೊಂಡರೂ, ಈಥರ್ 4,450ರ ಆಸುಪಾಸಿಗೆ ಏರುವವರೆಗೆ ಲಿಕ್ವಿಡೇಷನ್, ಅಂದರೆ ಎಕ್ಸ್‌ಚೇಂಜ್ ತಾನೇ ನಿಮ್ಮ ಶಾರ್ಟ್ ಮುಚ್ಚಿಬಿಡುವುದು, ಆಗುವುದಿಲ್ಲ. ಅದಕ್ಕಿಂತ ಕಡಿಮೆ ಇಡಬೇಡಿ.

ಬೇಸಿಸ್ ಎಂದರೆ ಪರ್ಪೆಚುವಲ್ ಬೆಲೆಗೂ ನೀವು ನಿಜವಾಗಿ ಮಾರುವ ಸ್ಪಾಟ್ ಬೆಲೆಗೂ ನಡುವಿನ ಅಂತರ. ಎರಡೂ ಯುಎಸ್‌ಡಿಟಿಯಲ್ಲೇ ಇದ್ದರೆ ಫಂಡಿಂಗ್ ಆ ಅಂತರವನ್ನು ಸಾಮಾನ್ಯವಾಗಿ ಹತ್ತಿರ ತರುತ್ತಿರುತ್ತದೆ. ಆದರೆ ನೀವು ಮಾರುವುದು ರೂಪಾಯಿಗೆ, ಮತ್ತು ರೂಪಾಯಿ ಲೆಕ್ಕದಲ್ಲಿ ಯುಎಸ್‌ಡಿಟಿಯ ಬೆಲೆ ತನ್ನದೇ ಬೇಡಿಕೆಯಂತೆ ಏರಿಳಿಯುತ್ತದೆ. ಈಥರ್ 2,400ಕ್ಕೆ ಬಿದ್ದಿತು, ಅದೇ ದಿನ ಯುಎಸ್‌ಡಿಟಿಯೂ 90ರಿಂದ 87.50ಕ್ಕೆ ಇಳಿಯಿತು ಎನ್ನಿ. ಇಲ್ಲಿ ಅರ್ಧ ಈಥರ್ 1,05,000 ರೂಪಾಯಿಗೆ ಮಾರಾಟವಾಗಿ 30,000 ನಷ್ಟವಾಗುತ್ತದೆ. ಶಾರ್ಟ್ ಕೊಡುವ 300 ಯುಎಸ್‌ಡಿಟಿ ಮಾತ್ರ 26,250 ರೂಪಾಯಿಯಷ್ಟೇ. ಉಳಿದ 3,750 ರೂಪಾಯಿಗೆ ರಕ್ಷಣೆಯೇ ಇರಲಿಲ್ಲ. ಮಾರ್ಜಿನ್ ಆಗಿ ಇಟ್ಟಿದ್ದ 750 ಯುಎಸ್‌ಡಿಟಿ ಕೂಡ 1,875 ರೂಪಾಯಿ ಕರಗಿರುತ್ತದೆ. ಇದನ್ನು ಮೊದಲೇ ಗುರುತಿಸುವುದು ಸುಲಭ: ನಿಮ್ಮ ಎಕ್ಸ್‌ಚೇಂಜ್‌ನ ಈಥರ್ ರೂಪಾಯಿ ಬೆಲೆಯನ್ನು ಪರ್ಪೆಚುವಲ್ ಬೆಲೆಯಿಂದ ಭಾಗಿಸಿ, ಬರುವ ಅಂಕಿಯನ್ನು ದಿನವೂ ಬರೆದಿಡಿ. ಅದು ಬ್ಯಾಂಕಿನ ಡಾಲರ್ ದರಕ್ಕಿಂತ ಬಹಳ ಮೇಲಿರುವಾಗ ಶಾರ್ಟ್ ಆರಂಭಿಸಿದರೆ, ಆ ಅಂತರ ಕುಗ್ಗಿದಾಗ ಪೆಟ್ಟು ನಿಮಗೇ.

ನನಗೆ ಹೆಚ್ಚು ಚಿಂತೆಯಾಗುವುದು ಬೆಲೆ ಏರಿದ ಸಂದರ್ಭದ ಬಗ್ಗೆ. ನಮ್ಮ ಕಾನೂನಿನಲ್ಲಿ ಕ್ರಿಪ್ಟೊ ಲಾಭಕ್ಕೆ 30 ಶೇಕಡಾ ತೆರಿಗೆಯಿದೆ, ಕೊಂಡ ಬೆಲೆಯ ಹೊರತು ಬೇರೆ ಖರ್ಚನ್ನಾಗಲಿ ನಷ್ಟವನ್ನಾಗಲಿ ಅದರಲ್ಲಿ ಕಳೆಯುವಂತಿಲ್ಲ. ಈಥರ್ 3,600ಕ್ಕೆ ಏರಿದರೆ ಅರ್ಧ ಈಥರ್‌ನಲ್ಲಿ 27,000 ರೂಪಾಯಿ ಹೆಚ್ಚು ಸಿಗುತ್ತದೆ, ಶಾರ್ಟ್‌ನಲ್ಲಿ ಅಷ್ಟೇ ಹೋಗುತ್ತದೆ. ಮೇಲ್ನೋಟಕ್ಕೆ ಸಮವಾದಂತೆ ಕಂಡರೂ ಆ 27,000ಕ್ಕೆ 8,100 ರೂಪಾಯಿ ತೆರಿಗೆಯನ್ನು, ಸೆಸ್ ಬಿಟ್ಟು, ನೀವು ಕಟ್ಟಲೇಬೇಕು. ಈ ಕಾರಣಕ್ಕೆ ಅರ್ಧದ ಬದಲು 0.35 ಈಥರ್ ಮಾತ್ರ ಶಾರ್ಟ್ ಮಾಡಿ ಎನ್ನುತ್ತೇನೆ. ಆಗ ಅದೇ ಏರಿಕೆಯಲ್ಲಿ ಶಾರ್ಟ್‌ನ ನಷ್ಟ 18,900 ರೂಪಾಯಿ, ತೆರಿಗೆ ಕಳೆದ ಮೇಲೆ ಸ್ಪಾಟ್‌ನಲ್ಲಿ ಉಳಿಯುವುದೂ 18,900 ರೂಪಾಯಿ. ಬೆಲೆ ಇಳಿದರೆ ಶಾರ್ಟ್‌ನ ಲಾಭಕ್ಕೂ ತೆರಿಗೆ ಬೀಳುವುದರಿಂದ ರಕ್ಷಣೆ ಪೂರ್ಣವಾಗಿರುವುದಿಲ್ಲ, ಅದನ್ನು ಒಪ್ಪಿಕೊಂಡೇ ಹೊರಡಬೇಕು. ಫ್ಯೂಚರ್ಸ್ ಲಾಭವನ್ನು ಯಾವ ಶೀರ್ಷಿಕೆಯಡಿ ತೋರಿಸಬೇಕೆಂದು ನಿಮ್ಮ ಚಾರ್ಟರ್ಡ್ ಅಕೌಂಟೆಂಟರನ್ನು ಈಗಲೇ ಕೇಳಿ. ಏಪ್ರಿಲ್‌ನಲ್ಲಿ ಮಾರುವ ದಿನ ಸ್ಪಾಟ್ ಮಾರಾಟವನ್ನೂ ಶಾರ್ಟ್ ಮುಚ್ಚುವುದನ್ನೂ ಐದೇ ನಿಮಿಷದ ಅಂತರದಲ್ಲಿ ಮುಗಿಸಿ; ಒಂದನ್ನು ಸಂಜೆಗೆ ಬಿಟ್ಟರೆ ಆ ಕೆಲವು ಗಂಟೆ ನೀವು ಮತ್ತೆ ಬೆಲೆಯ ಕೈಯಲ್ಲಿರುತ್ತೀರಿ.