ಹೌಸ್ ಟೀಮಿನ ಕೂಗು: ನಾಲ್ಕು ಚಪ್ಪಾಳೆಗೆ ಒಂದು ಸಾಲು

"ಕುಮಟಾ ಹತ್ತಿರದ ಶಾಲೆ ನಮ್ಮದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಂತ ನಾಲ್ಕು ಹೌಸ್. ಹೋದ ವರ್ಷ ಮಕ್ಕಳು ಎದುರಾಳಿಗಳನ್ನು ಬೈದೇ ಕೂಗಿದರು. ಐದರಿಂದ ಏಳನೇ ಕ್ಲಾಸಿನವರಿಗೆ ಗಿಡ್ಡ, ತಾಳಕ್ಕೆ ಬರುವ, ಯಾರಿಗೂ ನೋವಾಗದ ಸಾಲು ಬೇಕು. ಹೇಗೆ ಕಟ್ಟೋದು?"

ಅಕ್ಕೋರೆ, ನದಿಯ ಹೆಸರು ಇಟ್ಟಿದ್ದೀರಿ, ಅರ್ಧ ಕೆಲಸ ಅಲ್ಲೇ ಆಯಿತು. ನಾನು ಹೊನ್ನಾವರ ಕಡೆ ಆಟದ ಮಾಸ್ತರ. ಸಣ್ಣವನಿದ್ದಾಗ ಸ್ವಲ್ಪ ಚಂಡೆ ಕಲಿತಿದ್ದೆ. ಮಕ್ಕಳ ಕೂಗು ಕಟ್ಟುವಾಗ ನನಗೆ ಅದೇ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಪ್ರಶ್ನೆಗೆ ನನಗಿಂತ ಮೊದಲು ಉತ್ತರ ಕೊಟ್ಟವರಲ್ಲಿ ಒಬ್ಬರು ಶಾಲಾಗೀತೆ ಬರೆದುಕೊಡುತ್ತೇನೆ ಅಂದಿದ್ದಾರೆ. ಗೀತೆ ಬೇರೆ, ಕೂಗು ಬೇರೆ. ಕೂಗು ಒಂದೇ ಉಸಿರಿಗೆ ಮುಗಿಯಬೇಕು, ಮೊದಲ ಸಲ ಕೇಳಿದ ಮಗುವಿಗೂ ಎರಡನೇ ಸಲಕ್ಕೆ ಬಾಯಿಗೆ ಬರಬೇಕು. ಹಾಗಾಗಿ ಒಂದು ಸಾಲಿಗೆ ನಾಲ್ಕೇ ಚಪ್ಪಾಳೆ. ಒಂದು ಚಪ್ಪಾಳೆಗೆ ಒಂದು 'ತಕಧಿಮಿ', ಅಂದರೆ ನಾಲ್ಕು ಮಾತ್ರೆ. ಲಘು ಗುರು ನಿಮಗೆ ಗೊತ್ತೇ ಇದೆ. ಕವಾಯತಿನ ಹೆಜ್ಜೆಯ ವೇಗ ಸಾಕು.

ಅಘನಾಶಿನಿ ತಗೊಳ್ಳಿ. ಹೆಸರಿನಲ್ಲಿ ಆರು ಮಾತ್ರೆ. 'ಅಘನಾ' ಒಂದು ಚಪ್ಪಾಳೆಗೆ ಸರಿಯಾಗಿ ಕೂರುತ್ತದೆ, 'ಶಿನಿ' ಅರ್ಧಕ್ಕೇ ನಿಲ್ಲುತ್ತದೆ. ಸುಮ್ನೆ ಹೆಸರು ಕೂಗಿಸಿದರೆ ಮಕ್ಕಳು ಅಲ್ಲಿ ಒಬ್ಬೊಬ್ಬರು ಒಂದೊಂದು ಥರ ಎಳೆಯುತ್ತಾರೆ, ತಾಳ ಚದುರುತ್ತದೆ. ಆ ಖಾಲಿ ಜಾಗಕ್ಕೆ ಒಂದು 'ಬಾ' ಹಾಕಿದೆ:

ಅಘನಾ | ಶಿನಿ ಬಾ | ಮುಂದಕೆ | ಬಾ
ಹರಿಯುತ | ಹರಿಯುತ | ಕಡಲಿಗೆ | ಬಾ

ಕೊನೆಯ 'ಬಾ' ಎರಡೇ ಮಾತ್ರೆ. ಉಳಿದ ಎರಡು ಉಸಿರು ಎಳೆದುಕೊಳ್ಳಲು. ಈ ಜಾಗ ಬಿಡದಿದ್ದರೆ ಮೂರನೇ ಸಲ ಕೂಗುವಷ್ಟರಲ್ಲಿ ಮಕ್ಕಳು ಓಡಲು ಶುರು ಮಾಡುತ್ತಾರೆ, ಚಪ್ಪಾಳೆ ಹಿಂದೆ ಬೀಳುತ್ತದೆ. ಇನ್ನೊಂದು ವಿಷಯ, ಮೈದಾನದ ಆ ತುದಿಗೆ ಕೇಳುವುದು ಆ, ಏ, ಓ ಮಾತ್ರ. 'ಗೆಲ್ಲು', 'ಓಡು' ಅಂತ ಸಾಲು ಮುಗಿಸಿದರೆ ಕೊನೆ ಗಾಳಿಗೆ ಹೋಗುತ್ತದೆ. ಕಡಲ ಬದಿಯ ಮೈದಾನದಲ್ಲಿ ಇದು ಇನ್ನೂ ಜಾಸ್ತಿ. ಪರೀಕ್ಷೆ ಸುಲಭ. ಹತ್ತು ಮಕ್ಕಳನ್ನು ಒಂದು ತುದಿಯಲ್ಲಿ ಕೂಗಿಸಿ, ಸಾಲು ಗೊತ್ತಿಲ್ಲದ ಒಬ್ಬನನ್ನು ಇನ್ನೊಂದು ತುದಿಯಲ್ಲಿ ಬೆನ್ನು ಹಾಕಿ ನಿಲ್ಲಿಸಿ. ಕೇಳಿದ್ದನ್ನು ಅವನು ಹೇಳಿದರೆ ಸಾಲು ಪಾಸು.

ಕಾಳಿಗೆ 'ಕಾಳಿಯ ಕೂಸೇ ಓಡುತ ಬಾ' ಸಾಕು. ಶರಾವತಿ ಮಾತ್ರ ಸ್ವಲ್ಪ ಹಠಮಾರಿ. ಐದು ಮಾತ್ರೆ. 'ಶ'ಕ್ಕೆ ಚಪ್ಪಾಳೆ ತಟ್ಟಿದರೆ ಮುಂದಿನದೆಲ್ಲ ಸೊಟ್ಟ ಆಗುತ್ತದೆ. 'ಶ'ವನ್ನು ಚಪ್ಪಾಳೆಗೆ ಮೊದಲೇ ಹೇಳಿ, 'ರಾ' ಮೇಲೆ ತಟ್ಟಿಸಿ:

ಶ | ರಾವತಿ | ಧುಮುಕಲಿ | ಜೋಗದ | ಹಾಗೆ

'ಹಾಗೆ' ಮೂರು ಮಾತ್ರೆ. ಉಳಿದ ಒಂದರಲ್ಲಿ ಮುಂದಿನ ಸುತ್ತಿನ 'ಶ' ಬಂದು ಕೂರುತ್ತದೆ. ಹಾಗಾಗಿ ಇದು ನಿಲ್ಲದೆ ತಿರುಗುತ್ತದೆ, ರಿಲೇ ಓಟಕ್ಕೆ ಒಳ್ಳೆಯದು. ಆದರೆ ಉಸಿರಿಗೆ ಜಾಗ ಇಲ್ಲ, ಕೊನೆಯೂ ಗಿಡ್ಡ. ಮಕ್ಕಳನ್ನು ಎರಡು ಗುಂಪು ಮಾಡಿ ಒಂದೊಂದು ಸುತ್ತು ಹಂಚಿದೆ. ಇದಕ್ಕಿಂತ ಒಳ್ಳೆಯ ಸಾಲು ನನಗೆ ಇನ್ನೂ ಸಿಕ್ಕಿಲ್ಲ, ಯಾರಿಗಾದರೂ ಹೊಳೆದರೆ ಹೇಳಿ.

ಈಗ ಬೈಗುಳದ ಮಾತು. ನಾನು ನೋಡುವುದು ಕ್ರಿಯಾಪದ. ಬಾ, ಓಡು, ಹಿಡಿ, ಧುಮುಕು, ಇವೆಲ್ಲ ನಮ್ಮವರು ಮಾಡುವ ಕೆಲಸ. ಸೋಲಿಸು, ಬಡಿ, ಓಡಿಸು ಅಂದ ಕೂಡಲೇ ಅದು ಇನ್ನೊಬ್ಬರ ಮೈಮೇಲೆ ಬೀಳುತ್ತದೆ. ಅಂಥ ಸಾಲು ಎಷ್ಟೇ ಚೆನ್ನಾಗಿ ತಾಳಕ್ಕೆ ಕೂತರೂ ತೆಗೆದುಬಿಡಿ. ಪ್ರಾಸದ ಮೇಲೂ ಕಣ್ಣಿರಲಿ. ಕಾಳಿ ಅಂದರೆ ಮಕ್ಕಳ ಬಾಯಿಗೆ ತಾನಾಗಿ 'ಖಾಲಿ' ಬರುತ್ತದೆ. ಅದಾದ ಮೇಲೆ 'ಕರಿ'. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಹಾಗೇ ಆಯಿತು. ಕಾಳಿ ಹೌಸಿನ ಒಬ್ಬಳು ಕಬಡ್ಡಿ ಬಿಟ್ಟು ಬಾವಿಕಟ್ಟೆ ಹತ್ತಿರ ಹೋಗಿ ಕೂತಳು. ಕರೆದರೂ ಬರಲಿಲ್ಲ. ಕೂಗಿದವರಿಗೆ ತಾವು ಅವಳ ಬಣ್ಣದ ಬಗ್ಗೆ ಹೇಳಿದೆವು ಅಂತ ಗೊತ್ತೂ ಇರಲಿಲ್ಲ. ಸಾಲು ಕಟ್ಟುವ ಮೊದಲು ನಾಲ್ಕೂ ಹೆಸರಿಗೆ ಎಂಥ ಕೆಟ್ಟ ಪ್ರಾಸ ಬರಬಹುದು ಅಂತ ನೀವೇ ಒಮ್ಮೆ ಯೋಚಿಸಿ ಇಟ್ಟುಕೊಳ್ಳಿ.

ಅಂಕೋಲೆಯ ಮಾಸ್ತರರು ಮೇಲೆ ಕೊಟ್ಟ 'ಗಂಗಾವಳಿಯಲಿ ನೆರೆ ಬಂತೋ' ತಾಳಕ್ಕೆ ಬಹಳ ಚೆನ್ನಾಗಿದೆ. ಆದರೂ ಬೇಡ ಮಾಸ್ತರೇ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದದ್ದು ನಮ್ಮ ಮಕ್ಕಳು ಮರೆತಿಲ್ಲ. ಆ ಕಡೆ ನೆಂಟರಿರುವ ಮಗು ಆ ಸಾಲು ಕೂಗಬೇಕಾಗುತ್ತದೆ. 'ಗಂಗಾವಳಿಯಲಿ ತೇಲುತ ಬಾ' ಅಂತ ಇರಲಿ, ತಾಳ ಕೆಡುವುದಿಲ್ಲ.

ಶಿರಸಿಯ ಭಾವ 'ಎದುರಾಳಿ ಹೆಸರೇ ಎತ್ತಬೇಡಿ' ಅಂದಿದ್ದಾರೆ. ಆಟ ನಡೆಯುವಾಗ ಅದು ಸರಿ. ಆದರೆ ಆಟ ಮುಗಿದ ಮೇಲೆ ಹೆಸರು ಹಿಡಿದು ಕೂಗಿದರೆ ಮಕ್ಕಳ ಮುಖ ಅರಳುತ್ತದೆ, ನೋಡಿದ್ದೇನೆ. 'ಚೆನ್ನಾಗಾಡಿದೆ ಗಂಗಾವಳಿ' ಅಂತ ಹೇಳಿ ನೋಡಿ, ಚೆನ್ನಾ, ಗಾಡಿದೆ, ಗಂಗಾ, ವಳಿ, ನಾಲ್ಕೇ ಚಪ್ಪಾಳೆ. ಕಾಳಿಗಾದರೆ 'ಚೆನ್ನಾಗಾಡಿದೆ ಕಾಳಿಯ ಬಣ'. ಶರಾವತಿಗೆ ಇದು ಹೊಂದುವುದಿಲ್ಲ, ಅದೇ 'ಶ'ದ ತೊಂದರೆ. ಅವರಿಗೆ 'ಆಟವು ಚೆಂದ ಶರಾವತಿ ಹೋ'.

ಇದನ್ನು ಮೊದಲು ಯಾರು ಕೂಗಬೇಕು ಅನ್ನುವುದರಲ್ಲಿ ನನಗೂ ನಮ್ಮ ಹೆಡ್‌ಮಾಸ್ತರರಿಗೂ ಒಮ್ಮತ ಇಲ್ಲ. ಗೆದ್ದವರು ಕೂಗಲಿ ಅನ್ನುತ್ತಾರೆ ಅವರು. ಗೆದ್ದ ಕುಣಿತದ ನಡುವೆ ಕೂಗಿದರೆ ಅದೇ ಸಾಲು ಅಣಕದ ಹಾಗೆ ಕೇಳುತ್ತದೆ ಅನ್ನುವುದು ನನ್ನ ಅನುಭವ. ಎರಡೂ ತಂಡ ಕೈ ಕುಲುಕುವ ತನಕ ಕಾಯಿಸಿ, ಆಮೇಲೆ ಒಟ್ಟಿಗೆ ಕೂಗಿಸುತ್ತೇನೆ.

ಪೀಪಿ, ಡಬ್ಬ ತರಬಹುದಾ ಅಂತ ಕೇಳಿದವರಿಗೆ: ಕಬಡ್ಡಿ, ಖೋ ಖೋ ಇರುವಲ್ಲಿ ಬೇಡ. ರೇಡರ್ 'ಕಬಡ್ಡಿ ಕಬಡ್ಡಿ' ಬಿಡದೆ ಹೇಳುತ್ತಿದ್ದಾನಾ ಅಂತ ಅಂಪೈರಿಗೆ ಕೇಳಬೇಕು. ಖೋ ಖೋದಲ್ಲಿ ಕೂತವನಿಗೆ ಬೆನ್ನ ಹಿಂದಿನ 'ಖೋ' ಕೇಳದಿದ್ದರೆ ಅವನು ಏಳುವುದೇ ಇಲ್ಲ. ನಮ್ಮ ಗದ್ದಲದಿಂದ ಎದುರಿನವರ ಆಟ ಕೆಟ್ಟರೆ ಅದೂ ಬೈದ ಹಾಗೇ ಅಲ್ವಾ? ನಮ್ಮಲ್ಲಿ ಹೌಸಿಗೊಬ್ಬಳು ಕೂಗಿಸುವವಳು ಇರುತ್ತಾಳೆ. ರೇಡ್ ಶುರುವಾದರೆ ಅವಳು ಕೈ ಮೇಲೆ ಮಾಡಿ ಮುಷ್ಟಿ ಹಿಡಿಯುತ್ತಾಳೆ, ಎಲ್ಲರೂ ಬಾಯಿ ಮುಚ್ಚಬೇಕು. ರೇಡ್ ಹೆಚ್ಚೆಂದರೆ 30 ಸೆಕೆಂಡ್, ಅಷ್ಟು ಹೊತ್ತು ಮಕ್ಕಳು ತಡೆಯುತ್ತಾರೆ. ಮುಷ್ಟಿ ಬಿಟ್ಟ ಕೂಡಲೇ ಒಂದು ಸಾಲು, ಒಂದೇ ಸಲ. ಓಟದಲ್ಲಿ ಸೀಟಿ ಊದುವವರೆಗೆ ಅದೇ ಮುಷ್ಟಿ, ಆಮೇಲೆ ಬೇಕಾದಷ್ಟು ಕೂಗಲಿ.

ಕೂಗಿಸುವವಳನ್ನು ಆರಿಸುವಾಗ ದೊಡ್ಡ ದನಿಯವಳನ್ನು ಹುಡುಕಬೇಡಿ ಅಕ್ಕೋರೆ. ಚಪ್ಪಾಳೆ ತಪ್ಪದವಳನ್ನು ಹುಡುಕಿ. ನಮ್ಮಲ್ಲಿ ಈ ಸಲ ಆ ಕೆಲಸ ಮಾಡಿದವಳು ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗಿ. ಮನೆಯಲ್ಲಿ ಅವಳ ಅಜ್ಜ ಮದ್ದಳೆ ಬಾರಿಸುತ್ತಾರೆ.