ಲಾರಿ ಬಾಡಿಗೆಯೂ ಯಂತ್ರದ ಬೆಲೆಯೇ

ಪ್ರಶ್ನೆ: ಪೀಣ್ಯದ ಸಣ್ಣ ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುತ್ತೇನೆ. ಯಂತ್ರದ ಇನ್‌ವಾಯ್ಸ್ ಒಂದು, ಲಾರಿ ಬಾಡಿಗೆಯದೊಂದು, ಅಳವಡಿಕೆಯದೊಂದು ಬಂದಿವೆ. ಯಾವುದನ್ನು ಆಸ್ತಿಗೆ ಹಾಕಬೇಕು, ಯಾವುದನ್ನು ಖರ್ಚಿಗೆ? ತೆರಿಗೆಗೆ ಯಾವುದು ಲಾಭ?

ನಿಮಗೆ ಮೂರು ಬಿಲ್ಲು. ನನಗೆ ಎಂಟು ಬಂದಿದ್ದವು, ಅವುಗಳಲ್ಲಿ ಏಳನ್ನು ತಪ್ಪಾಗಿ ಬರೆದೆ.

2018ರ ಅಕ್ಟೋಬರ್. ನಾನಿದ್ದದ್ದೂ ಪೀಣ್ಯದಲ್ಲಿಯೇ, ಇಬ್ಬರು ಪಾಲುದಾರರ ಸಂಸ್ಥೆಯೊಂದರಲ್ಲಿ. ಯಜಮಾನರು ಕೊಯಮತ್ತೂರಿನಲ್ಲಿ ಒಂದು ಹಳೆಯ ಸಿಎನ್‌ಸಿ ಲೇತ್ ನೋಡಿ ಬಂದರು. ಜಿಎಸ್‌ಟಿ ಬಿಟ್ಟು ಬೆಲೆ 9 ಲಕ್ಷ. ಅದನ್ನು ಬಿಚ್ಚಿ ಕ್ರೇನಿನಲ್ಲಿ ಲಾರಿಗೆ ಏರಿಸಲು 18 ಸಾವಿರ, ಲಾರಿ ಬಾಡಿಗೆ 26 ಸಾವಿರ, ಇಲ್ಲಿ ಇಳಿಸಲು 14 ಸಾವಿರ. ಕಾಂಕ್ರೀಟ್ ಬುನಾದಿ ಮತ್ತು ಬೋಲ್ಟುಗಳಿಗೆ 42 ಸಾವಿರ, ಕೇಬಲ್, ಪ್ಯಾನೆಲ್, ಸ್ಟೆಬಿಲೈಸರ್‌ಗೆ 55 ಸಾವಿರ. ಯಂತ್ರ ಕೂತಮೇಲೆ ಮೊದಲ ತುಂಡು ತಿರುಗಿಸಿ ನೋಡಿದರೆ ಮೈಮೇಲೆಲ್ಲ ಅಲೆಅಲೆಯಾದ ಗೆರೆ. ಸ್ಪಿಂಡಲ್ ಬೇರಿಂಗ್ ಸವೆದಿತ್ತು. ಬೇರಿಂಗ್ ಬದಲಿಸಿ, ಬಾಲ್‌ಸ್ಕ್ರೂ ಸರಿಪಡಿಸಿ, ಅಲೈನ್‌ಮೆಂಟ್ ಮಾಡಿಸುವಷ್ಟರಲ್ಲಿ 1 ಲಕ್ಷ 30 ಸಾವಿರ. ಪ್ರಯೋಗಕ್ಕೆ ಕತ್ತರಿಸಿದ ಸರಳುಗಳಿಗೆ, ಗುಜರಿಗೆ ಮಾರಿ ಬಂದದ್ದನ್ನು ಕಳೆದು, 15 ಸಾವಿರ. ಕೂಡಿಸಿ ನೋಡಿ, ಯಂತ್ರದ ಬಿಲ್ಲಿನ ಹೊರಗೆ ಸರಿಯಾಗಿ 3 ಲಕ್ಷ.

ನಾನು ಮಾಡಿದ್ದು ಇಷ್ಟು: ಬಿಲ್ಲು ಬಂದಂತೆ, ಬಿಲ್ಲಿನ ತಲೆಬರಹ ನೋಡಿ ಲೆಡ್ಜರ್ ಆರಿಸಿದೆ. ಲಾರಿ ಎಂದಿದ್ದರೆ `Freight Inward`. ವಯರಿಂಗ್ ಎಂದಿದ್ದರೆ ವಿದ್ಯುತ್ ಖರ್ಚು. ಸ್ಪಿಂಡಲ್ ಬಿಲ್ಲಿನ ಮೇಲೆ ‘ರಿಪೇರಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು; ಅದು `Repairs & Maintenance`ಗೆ ಹೋಗದೆ ಇನ್ನೆಲ್ಲಿಗೆ ಹೋದೀತು? ಆಸ್ತಿಗೆ ಹೋದದ್ದು 9 ಲಕ್ಷ ಮಾತ್ರ.

ಈ ‘ರಿಪೇರಿ’ ಎಂಬ ಪದದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ನನ್ನನ್ನು ಕೆಡವಿದ್ದೇ ಅದು. ರಿಪೇರಿ ಎಂದರೆ ನಮ್ಮಲ್ಲಿ ಓಡುತ್ತಿದ್ದ ಯಂತ್ರ ಕೆಟ್ಟು, ಅದನ್ನು ಮೊದಲಿದ್ದ ಸ್ಥಿತಿಗೆ ತರುವುದು. ಈ ಲೇತ್ ನಮ್ಮ ಶೆಡ್ಡಿನಲ್ಲಿ ಒಂದು ದಿನವೂ ಓಡಿರಲಿಲ್ಲ. ಕೆಟ್ಟಿದ್ದು ಕೊಯಮತ್ತೂರಿನವರ ಕೈಯಲ್ಲಿ; ಅದಕ್ಕೇ ಅಷ್ಟು ಅಗ್ಗಕ್ಕೆ ಕೊಟ್ಟರು. ಬೇರಿಂಗ್ ಸರಿಯಿದ್ದಿದ್ದರೆ ಅವರು ಬೆಲೆಯಲ್ಲಿಯೇ ಲಕ್ಷ ರೂಪಾಯಿ ಹೆಚ್ಚು ಕೇಳುತ್ತಿದ್ದರು, ನಾನು ಕಣ್ಣು ಮುಚ್ಚಿ ಅದನ್ನು ಆಸ್ತಿಗೆ ಬರೆಯುತ್ತಿದ್ದೆ. ಅದೇ ಹಣವನ್ನು ಇಲ್ಲಿಯ ಮೆಕ್ಯಾನಿಕ್‌ಗೆ ಕೊಟ್ಟ ಮಾತ್ರಕ್ಕೆ ಅದರ ಜಾತಿ ಬದಲಾಗುವುದಿಲ್ಲ. ಲೆಕ್ಕಪತ್ರ ಮಾನದಂಡ 10 ಹೇಳುವುದೂ ಇದನ್ನೇ: ಯಂತ್ರವನ್ನು ಅದರ ಜಾಗಕ್ಕೆ ತಂದು, ನಾವು ಅಂದುಕೊಂಡ ಕೆಲಸಕ್ಕೆ ಸಿದ್ಧ ಸ್ಥಿತಿಗೆ ಮುಟ್ಟಿಸುವವರೆಗೆ ನೇರವಾಗಿ ತಗಲಿದ್ದೆಲ್ಲವೂ ಯಂತ್ರದ ಬೆಲೆ. ಸಾಗಣೆ, ಜಾಗದ ಸಿದ್ಧತೆ, ಅಳವಡಿಕೆ, ಪರೀಕ್ಷೆ ಎಲ್ಲವೂ ಅದರೊಳಗೆ. ಬಿಲ್ಲು ಕೊಟ್ಟವರು ಯಾರು, ಎಷ್ಟು ಜನ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

2020ರಲ್ಲಿ ಆದಾಯ ತೆರಿಗೆ ಪೋರ್ಟಲಿನಲ್ಲಿ ನೋಟಿಸು ಬಂತು. ರಿಪೇರಿ ಖರ್ಚು ಹಿಂದಿನ ವರ್ಷ ಅರವತ್ತು ಸಾವಿರವಿದ್ದದ್ದು ಒಮ್ಮೆಲೇ 1 ಲಕ್ಷ 90 ಸಾವಿರವಾಗಿದೆ, ಬಿಲ್ಲು ಕೊಡಿ ಎಂದಿದ್ದರು. ನಾನೇ ಸ್ಕ್ಯಾನ್ ಮಾಡಿ ಏರಿಸಿದೆ. ಸ್ಪಿಂಡಲ್ ಬಿಲ್ಲಿನ ದಿನಾಂಕ ಅಕ್ಟೋಬರ್ 22, ಅದರ ಮೇಲೆ ಯಂತ್ರದ ಸರಣಿ ಸಂಖ್ಯೆ. ಆ ಯಂತ್ರ ಕೆಲಸ ಶುರು ಮಾಡಿದ್ದು ನವೆಂಬರ್ 10 ಎಂದು ನಮ್ಮದೇ ಸವಕಳಿ ಪಟ್ಟಿ ಹೇಳುತ್ತಿತ್ತು. ಓಡುವ ಮೊದಲೇ ರಿಪೇರಿಯೇ? ಒಂದು ದಾರ ಎಳೆದರು, ಏಳೂ ಬಿಲ್ಲು ಬಿಚ್ಚಿಕೊಂಡವು.

3 ಲಕ್ಷ ಖರ್ಚನ್ನು ತಳ್ಳಿಹಾಕಿ ಆಸ್ತಿಗೆ ಸೇರಿಸಿದರು. ಸವಕಳಿ ದರ ಶೇ 15. ಆದರೆ ಆ ವರ್ಷ ಯಂತ್ರ ಬಳಕೆಯಲ್ಲಿದ್ದದ್ದು 180 ದಿನಕ್ಕಿಂತ ಕಡಿಮೆ, ಆದ್ದರಿಂದ ಅದರ ಅರ್ಧ. ಸಿಕ್ಕಿದ್ದು 22,500 ರೂಪಾಯಿ. ಉಳಿದ 2,77,500 ಆದಾಯಕ್ಕೆ ಸೇರಿತು. ಪಾಲುದಾರಿಕೆ ಸಂಸ್ಥೆಗೆ ಸೆಸ್ ಸೇರಿ ಶೇ 31.2, ಅಂದರೆ 86,580 ರೂಪಾಯಿ ತೆರಿಗೆ. ಬಡ್ಡಿ ಬೇರೆ. ಯಜಮಾನರು ಬೈಯಲಿಲ್ಲ, ಚಲನ್ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ನಿಮ್ಮ ‘ಯಾವುದು ಲಾಭ’ ಎಂಬ ಮಾತಿಗೆ ಬರುತ್ತೇನೆ. ಆ ಪ್ರಶ್ನೆಯೇ ಸರಿಯಿಲ್ಲ. ಇದು ಅಂಗಡಿಯಲ್ಲಿ ಬಣ್ಣ ಆರಿಸಿದಂತೆ ನಾವು ಆರಿಸುವ ವಿಷಯವಲ್ಲ. ಲಾಭವೆಂದು ಕಾಣುವುದೂ ಬರೀ ಮುಂದೂಡಿಕೆ: ಆಸ್ತಿಗೆ ಸೇರಿದ 3 ಲಕ್ಷ ಎಲ್ಲಿಯೂ ಹೋಗುವುದಿಲ್ಲ, ವರ್ಷ ವರ್ಷ ಸವಕಳಿಯಾಗಿ ಖರ್ಚಿಗೆ ಬರುತ್ತಲೇ ಇರುತ್ತದೆ. ನಮಗೆ ನಿಜವಾಗಿ ನಷ್ಟವಾದದ್ದು ಬಡ್ಡಿ, ಮತ್ತು ಇನ್ನೊಂದು. ಯಜಮಾನರು ಲೇತಿನ ಗಂಟೆಯ ದರವನ್ನು ಆಸ್ತಿ ಪಟ್ಟಿಯ 9 ಲಕ್ಷದ ಮೇಲೆ ಲೆಕ್ಕ ಹಾಕಿ ಗಿರಾಕಿಗಳಿಗೆ ಕೊಟೇಶನ್ ಕೊಡುತ್ತಿದ್ದರು. ಯಂತ್ರ ಬಿದ್ದದ್ದು 12 ಲಕ್ಷಕ್ಕೆ. ಎರಡು ವರ್ಷ ಕಡಿಮೆ ದರಕ್ಕೆ ದುಡಿದೆವು, ಅದು ಯಾವ ನೋಟಿಸಿನಲ್ಲಿಯೂ ಬರಲಿಲ್ಲ.

ಹಾಗೆಂದು ಕಂಡದ್ದನ್ನೆಲ್ಲ ಆಸ್ತಿಗೆ ತುರುಕಬೇಡಿ. ಗೆರೆ ಬೀಳುವುದು ಯಂತ್ರ ಸಿದ್ಧವಾದ ದಿನ. ನಮ್ಮಲ್ಲಿ ಜನವರಿಯಲ್ಲಿ ಕೂಲೆಂಟ್ ಪಂಪು ಸುಟ್ಟಿತು, 11 ಸಾವಿರ. ಅದು ಅಪ್ಪಟ ರಿಪೇರಿ, ಖರ್ಚು. ಆಪರೇಟರ್‌ಗೆ ತರಬೇತಿ ಕೊಟ್ಟ ಶುಲ್ಕ, ಅದು ಯಂತ್ರದ ಇನ್‌ವಾಯ್ಸಿನಲ್ಲಿಯೇ ಒಂದು ಸಾಲಾಗಿ ಬಂದಿದ್ದರೂ, ಖರ್ಚೇ. ನಾಳೆ ಯಂತ್ರವನ್ನು ಶೆಡ್ಡಿನ ಇನ್ನೊಂದು ಮೂಲೆಗೆ ಸರಿಸಿದರೆ ಆ ಕ್ರೇನಿನ ಹಣವೂ ಖರ್ಚು. ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ತೆಗೆದುಕೊಂಡಿದ್ದರೆ ಅದನ್ನು ಬೆಲೆಗೆ ಸೇರಿಸಬೇಡಿ. ತೆರಿಗೆಯ ಭಾಗದ ಮೇಲೆ ಸವಕಳಿ ಪಡೆದರೆ ಆ ಜಮೆ ಸಿಗುವುದಿಲ್ಲ.

ನಾನು ಮಾಡಿದ ಒಂದೇ ಒಳ್ಳೆಯ ಕೆಲಸವನ್ನೂ ಹೇಳಿಬಿಡುತ್ತೇನೆ. ಇಳಿಸಿದ ಕ್ರೇನಿನವರು 14 ಸಾವಿರವನ್ನು ನಗದಾಗಿ ಕೇಳಿದರು, ಯಜಮಾನರು ಜೇಬಿಗೆ ಕೈ ಹಾಕಿಯೇ ಬಿಟ್ಟಿದ್ದರು. ನಾನು ತಡೆದು ಬ್ಯಾಂಕಿನಿಂದ ಕಳಿಸಿದೆ. ಒಬ್ಬರಿಗೆ ಒಂದೇ ದಿನ 10 ಸಾವಿರ ಮೀರಿ ನಗದು ಕೊಟ್ಟಿದ್ದರೆ ತೆರಿಗೆ ಲೆಕ್ಕದಲ್ಲಿ ಆ ಮೊತ್ತ ಆಸ್ತಿಯ ಬೆಲೆಗೂ ಸೇರುತ್ತಿರಲಿಲ್ಲ.

ಈಗ ನಾನು ಮುಂಗಡ ಕೊಟ್ಟ ದಿನವೇ ಆ ಯಂತ್ರದ ಹೆಸರಿನಲ್ಲಿ `Fixed Assets` ಗುಂಪಿನಡಿ ‘ಪ್ರಗತಿಯಲ್ಲಿದೆ’ ಎಂಬ ಒಂದು ಲೆಡ್ಜರ್ ತೆರೆಯುತ್ತೇನೆ. ಬಿಲ್ಲುಗಳೆಲ್ಲ ಅದರೊಳಗೆ ಬೀಳುತ್ತವೆ, ವಿವರಣೆಯಲ್ಲಿ ಲಾರಿ ರಸೀದಿ ಸಂಖ್ಯೆ ಇರುತ್ತದೆ. ಪ್ರಯೋಗದ ತುಂಡು ಅಳತೆಯಲ್ಲಿ ಪಾಸಾದ ದಿನ ಮೇಲ್ವಿಚಾರಕರ ಸಹಿ ಇರುವ ಅಳತೆ ಪಟ್ಟಿ ಪಡೆದು, ಅದೇ ದಿನಾಂಕಕ್ಕೆ ಒಂದು ಜರ್ನಲ್ ಬರೆದು ಆಸ್ತಿಗೆ ವರ್ಗಾಯಿಸುತ್ತೇನೆ. ನಿಮ್ಮ ಯಂತ್ರಕ್ಕೆ ಅಂಥ ಅಳತೆ ಪಟ್ಟಿ ಇದೆಯೇ ಎಂದು ಮೊದಲು ಶಾಪ್ ಫ್ಲೋರಿನಲ್ಲಿ ವಿಚಾರಿಸಿ. ಮೂರು ಬಿಲ್ಲುಗಳಲ್ಲಿ ಆ ದಿನಾಂಕದ ಒಳಗಿನ ಕೆಲಸದ್ದೆಷ್ಟು ಎಂದು ನೋಡಿ, ಆಮೇಲೆ ಟ್ಯಾಲಿ ತೆರೆಯಿರಿ.